ಕಳಪೆ ಔಷಧ, ನಕಲಿ ಔಷಧ: ಬ್ಯಾಚ್ ಸಂಖ್ಯೆಯ ಜಾಡಿನಲ್ಲಿ

2024ರ ನವೆಂಬರ್ 9ರಿಂದ 11ರ ನಡುವೆ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದ ಹಲವು ಬಾಣಂತಿಯರ ಸ್ಥಿತಿ ಇದ್ದಕ್ಕಿದ್ದಂತೆ ಬಿಗಡಾಯಿಸಿತು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು, ಇತರ ಅಂಗಗಳೂ ಸೋತವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಅವರಲ್ಲಿ ಐವರು ತೀರಿಕೊಂಡರು. ಸಂಶಯ ಹೋದದ್ದು ಅವರಿಗೆ ರಕ್ತನಾಳದ ಮೂಲಕ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯೊಂದು ತಯಾರಿಸಿದ್ದ ಆ ದ್ರಾವಣವನ್ನು ಸರ್ಕಾರ ತಡೆಹಿಡಿಯಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಬಾಟಲಿಗಳು ಯಾರೋ ಕದ್ದುಮುಚ್ಚಿ ಮಾಡಿದ ನಕಲಿ ಸರಕಾಗಿರಲಿಲ್ಲ. ಪರವಾನಗಿ ಇದ್ದ ಕಾರ್ಖಾನೆಯಿಂದ ಟೆಂಡರ್ ಮೂಲಕವೇ ಬಂದಿದ್ದವು. ಲೇಬಲ್‌ನಲ್ಲಿ ತಪ್ಪು ಹುಡುಕುವವರಿಗೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ಹಾಗಾದರೆ ಹೊದಿಕೆ ನೋಡಿ ಔಷಧದ ಗುಣ ತಿಳಿಯಬಹುದೇ? ಎಷ್ಟರ ಮಟ್ಟಿಗೆ? ತಿಳಿಯಲಾಗದಿದ್ದಾಗ ಸಾಮಾನ್ಯ ಗ್ರಾಹಕರು ಮಾಡಬಹುದಾದದ್ದೇನು? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ಓದುಗರಿಗೆ ಇದು ದೂರದ ಪ್ರಶ್ನೆಯಲ್ಲ. ಕಷ್ಟದ ಹೆರಿಗೆ ಎಂದರೆ ಈ ಊರುಗಳಿಂದ ಹೊರಡುವ ಆಂಬುಲೆನ್ಸ್ ಬಹುತೇಕ ಹೋಗುವುದು ಬಳ್ಳಾರಿಗೇ.

ಮೂರು ಬಗೆಯ ದೋಷ

ಜನಬಳಕೆಯಲ್ಲಿ ನಾವು ಎಲ್ಲವನ್ನೂ 'ನಕಲಿ ಔಷಧ' ಎನ್ನುತ್ತೇವೆ. ಆದರೆ ಇಲ್ಲಿ ಕನಿಷ್ಠ ಮೂರು ಬಗೆಗಳಿವೆ. ಅವುಗಳನ್ನು ಪತ್ತೆ ಮಾಡುವ ದಾರಿಯೂ ಬೇರೆ ಬೇರೆ.

ಮೊದಲನೆಯದು ನಕಲಿ. ಒಂದು ಕಂಪನಿಯ ಹೆಸರು, ಗುರುತು, ಹೊದಿಕೆಯನ್ನು ಕದ್ದು ಬೇರೆ ಯಾರೋ ತಯಾರಿಸಿದ್ದು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ 17ಬಿ ಕಲಮು ಇದನ್ನು ವಿವರಿಸುತ್ತದೆ. ಇದರೊಳಗೆ ಔಷಧ ಇಲ್ಲದಿರಬಹುದು, ಕಡಿಮೆ ಇರಬಹುದು, ಬೇರೆಯದೇ ಇರಬಹುದು. ಇಲ್ಲಿ ಸುಳ್ಳು ಹೇಳುತ್ತಿರುವುದು ಹೊದಿಕೆ. ಆದ್ದರಿಂದ ಹೊದಿಕೆಯಲ್ಲೇ ಸುಳಿವು ಸಿಗುವ ಸಾಧ್ಯತೆ ಉಂಟು.

ಎರಡನೆಯದು ಕಳಪೆ. ನಿಜವಾದ ಕಂಪನಿಯೇ ತಯಾರಿಸಿದ್ದು, ಆದರೆ ಭಾರತೀಯ ಔಷಧಕೋಶದಲ್ಲಿ ಹೇಳಿದ ಪರೀಕ್ಷೆಗಳಲ್ಲಿ ಅನುತ್ತೀರ್ಣವಾದದ್ದು. ಅಧಿಕಾರಿಗಳ ಭಾಷೆಯಲ್ಲಿ ಇದು 'ಪ್ರಮಾಣಿತ ಗುಣಮಟ್ಟದ್ದಲ್ಲ'. ಇಲ್ಲಿ ಹೊದಿಕೆ ನಿಜ, ಒಳಗಿರುವುದು ದೋಷಯುಕ್ತ. ಬಳ್ಳಾರಿಯಲ್ಲಿ ಎದ್ದ ಸಂಶಯ ಈ ಬಗೆಯದು.

ಮೂರನೆಯದು ಕೆಟ್ಟುಹೋದ ಔಷಧ. ಕಾರ್ಖಾನೆಯಿಂದ ಸರಿಯಾಗಿಯೇ ಹೊರಟು ದಾರಿಯಲ್ಲಿ ಅಥವಾ ಅಂಗಡಿಯಲ್ಲಿ ಹಾಳಾದದ್ದು. ಬಹಳಷ್ಟು ಮಾತ್ರೆಗಳ ಮೇಲೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಉಷ್ಣತೆಯಲ್ಲಿಡಿ ಎಂದಿರುತ್ತದೆ. ಇನ್ಸುಲಿನ್ ಮತ್ತು ಬಹುತೇಕ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಹೊಸಪೇಟೆ, ಕಂಪ್ಲಿಗಳಲ್ಲಿ ಪಾದರಸ 40 ಡಿಗ್ರಿ ಮುಟ್ಟುವುದು ನಮಗೆ ಗೊತ್ತಿದೆ. ತಗಡಿನ ಮಾಡಿನ ಅಂಗಡಿಯಲ್ಲಿ ಬಿಸಿಲು ಬೀಳುವ ಕಡೆ ಜೋಡಿಸಿದ ಔಷಧ ಅವಧಿಗೆ ಮುನ್ನವೇ ಶಕ್ತಿ ಕಳೆದುಕೊಳ್ಳಬಹುದು.

ಕಣ್ಣು ಸೋಲುವುದೇಕೆ?

ರಕ್ತನಾಳಕ್ಕೆ ಕೊಡುವ ದ್ರಾವಣಗಳಲ್ಲಿ ತಜ್ಞರು ಹೆಚ್ಚು ಹೆದರುವ ಕಲ್ಮಷಗಳಲ್ಲಿ ಒಂದು ಅಂತರ್ವಿಷ, ಅಂದರೆ ಎಂಡೋಟಾಕ್ಸಿನ್. ಇದು ಗ್ರಾಂ-ಋಣ ಬ್ಯಾಕ್ಟೀರಿಯಗಳ ಹೊರಕವಚದ ಭಾಗ. ದ್ರಾವಣವನ್ನು 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧ ಮಾಡಿದಾಗ ಬ್ಯಾಕ್ಟೀರಿಯ ಸಾಯುತ್ತದೆ. ಆದರೆ ಅದರ ಕವಚದ ಚೂರುಗಳು ನಾಶವಾಗುವುದಿಲ್ಲ. ಅವನ್ನು ನಾಶಮಾಡಲು ಸುಮಾರು 250 ಡಿಗ್ರಿಯ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಗಾಜಿನ ಪಾತ್ರೆಗೆ ಇದು ಸಾಧ್ಯ, ದ್ರಾವಣಕ್ಕೆ ಸಾಧ್ಯವಿಲ್ಲ. ಆದ್ದರಿಂದ ಬಳಸುವ ನೀರೇ ಮೊದಲಿನಿಂದ ಶುದ್ಧವಾಗಿರಬೇಕು.

ಅಂತರ್ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ದ್ರಾವಣವನ್ನು ಮಸುಕಾಗಿಸುವುದೂ ಇಲ್ಲ. ರಕ್ತಕ್ಕೆ ಸೇರಿದಾಗ ಮಾತ್ರ ಚಳಿಜ್ವರ, ರಕ್ತದೊತ್ತಡ ಕುಸಿತ, ಹೆಚ್ಚಾದರೆ ಅಂಗಾಂಗ ವೈಫಲ್ಯ ಉಂಟುಮಾಡುತ್ತದೆ. ಅದನ್ನು ಗುರುತಿಸಲು ಕುದುರೆಲಾಳದ ಏಡಿಯ ರಕ್ತಕಣಗಳಿಂದ ಪಡೆದ ಸಾರವನ್ನು ಬಳಸುವ ಪರೀಕ್ಷೆ ಇದೆ. ಅಂತರ್ವಿಷ ಇದ್ದರೆ ಆ ಸಾರ ಹೆಪ್ಪುಗಟ್ಟುತ್ತದೆ. ಇದು ಪ್ರಯೋಗಾಲಯದ ಕೆಲಸ, ವಾರ್ಡಿನಲ್ಲಿ ಆಗುವಂಥದ್ದಲ್ಲ.

ಪ್ರಯೋಗಾಲಯಗಳೂ ಒಮ್ಮೊಮ್ಮೆ ಭಿನ್ನ ಉತ್ತರ ಕೊಡುತ್ತವೆ. ಬಳ್ಳಾರಿಯ ದುರಂತಕ್ಕೆ ಮೊದಲೇ ಆ ಕಂಪನಿಯ ದ್ರಾವಣದ ಹಲವು ಬ್ಯಾಚ್‌ಗಳು ರಾಜ್ಯದ ಪ್ರಯೋಗಾಲಯದಲ್ಲಿ ಅನುತ್ತೀರ್ಣವಾಗಿದ್ದವು. ಅವುಗಳಲ್ಲಿ ಕೆಲವನ್ನು ಕೇಂದ್ರ ಪ್ರಯೋಗಾಲಯ ಸರಿ ಎಂದಿತ್ತು. ಇಂಥ ವ್ಯತ್ಯಾಸಕ್ಕೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಒಂದನ್ನು ಗಣಿತದ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಒಂದು ಬ್ಯಾಚಿನ ನೂರು ಬಾಟಲಿಗಳಲ್ಲಿ ಒಂದು ಮಾತ್ರ ಕೆಟ್ಟಿದೆ ಎಂದುಕೊಳ್ಳಿ. ಪರೀಕ್ಷೆಗೆ ಹತ್ತು ಬಾಟಲಿ ತೆಗೆದುಕೊಂಡರೆ ಹತ್ತೂ ಒಳ್ಳೆಯವೇ ಆಗಿರುವ ಸಂಭವ 0.99ರ ಹತ್ತನೆಯ ಘಾತ, ಅಂದರೆ ಸುಮಾರು 0.90. ಕೆಟ್ಟ ಬಾಟಲಿಗಳನ್ನೊಳಗೊಂಡ ಬ್ಯಾಚು ಹತ್ತರಲ್ಲಿ ಒಂಬತ್ತು ಸಲ ಉತ್ತೀರ್ಣವಾಗಿಬಿಡುತ್ತದೆ! ಆದ್ದರಿಂದ ಕಾರ್ಖಾನೆಯ ಪ್ರತಿ ಹಂತದ ಶುದ್ಧತೆಯೇ ಮುಖ್ಯ ರಕ್ಷಣೆ. ಕೊನೆಯ ಪರೀಕ್ಷೆ ಅದಕ್ಕೆ ಪೂರಕ ಮಾತ್ರ.

ಸಿಹಿ ಔಷಧಗಳ ಕಥೆಯೂ ಇದೇ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಸತ್ತರು. ಅವರಿಗೆ ಕೊಟ್ಟಿದ್ದ ಕೋಲ್ಡ್ರಿಫ್ ಎಂಬ ಕೆಮ್ಮಿನ ಔಷಧವನ್ನು ತಮಿಳುನಾಡಿನ ಪ್ರಯೋಗಾಲಯ ಪರೀಕ್ಷಿಸಿತು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ ಶೇ. 48.6ರಷ್ಟಿತ್ತು. ಇರಬಹುದಾದ ಮಿತಿ ಶೇ. 0.1 ಮಾತ್ರ. ಈ ದ್ರವವೂ ಸಿಹಿ, ಮಂದ, ಬಣ್ಣರಹಿತ. ತಾಯಂದಿರಿಗೆ ಅದು ತಿಳಿಯುವ ಮಾರ್ಗವೇ ಇರಲಿಲ್ಲ. ಆದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಬಾಟಲಿಯ ಮೇಲೆ ಒಂದು ಗುರುತು ಇತ್ತು: ಬ್ಯಾಚ್ ಎಸ್‌ಆರ್-13. ಆ ಗುರುತಿನಿಂದಲೇ ಉಳಿದ ಬಾಟಲಿಗಳನ್ನು ಹುಡುಕಿ ತಡೆಯಲು ದಾರಿಯಾಯಿತು.

ಒಂದೇ ಸಲಕ್ಕೆ, ಒಂದೇ ಮಿಶ್ರಣದಿಂದ ತಯಾರಾದ ಔಷಧವೆಲ್ಲ ಒಂದು ಬ್ಯಾಚು. ಹೊದಿಕೆಯ ಮೇಲಿನ ಈ ಚಿಕ್ಕ ಸಂಖ್ಯೆ ರೋಗಿಯನ್ನು ಅಂಗಡಿಯೊಂದಿಗೆ, ಅಂಗಡಿಯನ್ನು ಕಾರ್ಖಾನೆಯೊಂದಿಗೆ ಜೋಡಿಸುತ್ತದೆ. ಔಷಧ ಒಳ್ಳೆಯದೇ ಎಂದು ಅದು ಹೇಳುವುದಿಲ್ಲ. ಕೆಟ್ಟದ್ದು ಎಂದು ತಿಳಿದ ಮೇಲೆ ಉಳಿದದ್ದು ಎಲ್ಲಿದೆ ಎಂದು ಹೇಳುತ್ತದೆ.

ಹೊದಿಕೆಯನ್ನು ಓದುವ ಕ್ರಮ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಂಪ್ಲಿಯ ಶಿಕ್ಷಕರೊಬ್ಬರು ಹೊಸಪೇಟೆಗೆ ಬಂದಾಗ ವೈದ್ಯರ ಚೀಟಿಯಂತೆ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲದ 625 ಮಿ.ಗ್ರಾಂ. ಮಾತ್ರೆ ಕೊಂಡರೆಂದು ಇಟ್ಟುಕೊಳ್ಳಿ. ಮನೆಗೆ ಬಂದು ಅವರು ಹೀಗೆ ನೋಡಬಹುದು.

ಮೊದಲು ಪೆಟ್ಟಿಗೆ ಮತ್ತು ಒಳಗಿನ ಪಟ್ಟಿಯನ್ನು ಅಕ್ಕಪಕ್ಕ ಇಡಬೇಕು. ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು, ಅವಧಿ ಮುಗಿಯುವ ತಿಂಗಳು ಈ ಮೂರೂ ಎರಡರ ಮೇಲೂ ಒಂದೇ ಇರಬೇಕು. ಇವು ಬೇರೆ ಬೇರೆ ಇದ್ದರೆ ಅದು ಅತ್ಯಂತ ಗಟ್ಟಿಯಾದ ಸಂಶಯ. ಪೆಟ್ಟಿಗೆ ಒಂದರದು, ಪಟ್ಟಿ ಇನ್ನೊಂದರದು ಎಂದರ್ಥ. ಅಂಗಡಿಯವರು ಅರಿಯದೆ ಅದಲುಬದಲು ಮಾಡಿರಲೂಬಹುದು, ಆದರೂ ವಿವರಣೆ ಕೇಳಲೇಬೇಕು. ಅವಧಿಯನ್ನು ತಿಂಗಳು ಮತ್ತು ವರ್ಷದಲ್ಲಿ ಬರೆದಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಔಷಧ ಬಳಸಬಹುದೆಂದು ನಿಯಮ.

ಎರಡನೆಯದಾಗಿ, ಮುದ್ರಣ. ಬ್ಯಾಚ್ ಮತ್ತು ದಿನಾಂಕಗಳನ್ನು ಕಂಪನಿಯವರು ಕೊನೆಗೆ ಪ್ರತ್ಯೇಕವಾಗಿ ಮುದ್ರಿಸುತ್ತಾರೆ. ಆದ್ದರಿಂದ ಅವುಗಳ ಶಾಯಿ ಬೇರೆಯಾಗಿ ಕಂಡರೆ ಅದೇ ದೋಷವಲ್ಲ. ಆದರೆ ಅಂಕಿಗಳನ್ನು ಒರೆಸಿ ಮತ್ತೆ ಒತ್ತಿದ ಗುರುತು, ಹಳೆಯ ದಿನಾಂಕದ ಮೇಲೆ ಅಂಟಿಸಿದ ಚೀಟಿ, ಔಷಧದ ಹೆಸರಿನಲ್ಲೋ ವಿಳಾಸದಲ್ಲೋ ಕಾಗುಣಿತದ ತಪ್ಪು ಇವೆಲ್ಲ ಎಚ್ಚರಿಕೆಯ ಚಿಹ್ನೆಗಳು.

ಮೂರನೆಯದಾಗಿ, ಇರಲೇಬೇಕಾದ ವಿವರಗಳು. ತಯಾರಕರ ಹೆಸರು-ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ ಇರಬೇಕು. ಅಮಾಕ್ಸಿಸಿಲಿನ್‌ನಂಥ ಪ್ರತಿಜೀವಕವನ್ನು ವೈದ್ಯರ ಚೀಟಿ ಇದ್ದಾಗ ಮಾತ್ರ ಮಾರಬೇಕು. ಇಂಥವುಗಳ ಎಡಭಾಗದಲ್ಲಿ ಮೇಲಿನಿಂದ ಕೆಳಗೆ ಕೆಂಪು ಗೆರೆ, ಆರ್‌ಎಕ್ಸ್ ಚಿಹ್ನೆ ಮತ್ತು ಎಚ್ಚರಿಕೆಯ ಒಕ್ಕಣೆ ಇರುತ್ತವೆ. ಇಲ್ಲಿ ಓದುಗರು ಅನಗತ್ಯವಾಗಿ ಗಾಬರಿಯಾಗುವ ಒಂದು ಸಂಗತಿಯಿದೆ. ತಯಾರಿಸಿದವರು ಒಂದು ಕಂಪನಿ, ಮಾರುಕಟ್ಟೆಗೆ ತಂದವರು ಇನ್ನೊಂದು ಕಂಪನಿ ಎಂದು ಬರೆದಿರಬಹುದು. ಇದು ಕಾನೂನುಬದ್ಧ ವ್ಯವಸ್ಥೆಯೇ. 2021ರ ಮಾರ್ಚ್ 1ರಿಂದ ಮಾರುಕಟ್ಟೆಗೆ ತರುವವರೂ ಗುಣಮಟ್ಟಕ್ಕೆ ಹೊಣೆಗಾರರು.

ನಾಲ್ಕನೆಯದಾಗಿ, ಕ್ಯೂಆರ್ ಸಂಕೇತ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳಿಗೆ ಇದು ಕಡ್ಡಾಯ. ಮೊಬೈಲ್ ಕ್ಯಾಮೆರಾ ಹಿಡಿದರೆ ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ದಿನಾಂಕಗಳು, ಪರವಾನಗಿ ಸಂಖ್ಯೆ ಕಾಣಬೇಕು. ಅವು ಹೊದಿಕೆಯ ಮುದ್ರಣಕ್ಕೆ ಹೊಂದಬೇಕು. ಹೊಂದದಿದ್ದರೆ ಅನುಮಾನ ದೃಢವಾಗುತ್ತದೆ. ಆದರೆ ಹೊಂದಿದ ಮಾತ್ರಕ್ಕೆ ಔಷಧ ಅಸಲಿ ಎಂದು ಹೇಳಲಾಗದು. ಪೆಟ್ಟಿಗೆಯ ಚಿತ್ರವನ್ನು ನಕಲು ಮಾಡುವವನು ಸಂಕೇತದ ಚಿತ್ರವನ್ನೂ ನಕಲು ಮಾಡಬಲ್ಲ. ಹಾಗೆಯೇ 300ರ ಪಟ್ಟಿಯಲ್ಲಿಲ್ಲದ ಔಷಧಕ್ಕೆ ಸಂಕೇತ ಇಲ್ಲದಿದ್ದರೆ ಅದು ದೋಷವಲ್ಲ.

ಕೊನೆಗೆ ಮಾತ್ರೆ. ಕ್ಲಾವುಲಾನಿಕ್ ಆಮ್ಲ ತೇವಕ್ಕೆ ಬೇಗ ಕೆಡುತ್ತದೆ. ಆದ್ದರಿಂದಲೇ ಈ ಮಾತ್ರೆಯನ್ನು ತೇವ ಒಳಸೇರದ ಅಲ್ಯೂಮಿನಿಯಂ ಹಾಳೆಯಲ್ಲಿ ಮುಚ್ಚಿರುತ್ತಾರೆ. ಬಿಳಿ ಮಾತ್ರೆ ಹಳದಿಯೋ ಕಂದೋ ಆಗಿದ್ದರೆ, ಚುಕ್ಕೆ ಬಿದ್ದಿದ್ದರೆ, ಒಂದೇ ಪಟ್ಟಿಯಲ್ಲಿ ಮಾತ್ರೆಗಳ ಬಣ್ಣ ಬೇರೆ ಬೇರೆಯಾಗಿದ್ದರೆ ಸೇವಿಸಬಾರದು. ಸಲೈನ್ ಬಾಟಲಿಯಾದರೆ ಬೆಳಕಿಗೆ ಹಿಡಿದು ತೇಲುವ ಕಣ, ಮಬ್ಬು ಇದೆಯೇ ನೋಡಬಹುದು. ಮೃದುವಾಗಿ ಒತ್ತಿ ಸೋರುತ್ತದೆಯೇ ಪರೀಕ್ಷಿಸಬಹುದು. ನೀರಿಗೆ ಹಾಕಿ ಮಾತ್ರೆ ತೇಲುತ್ತದೆಯೋ ಮುಳುಗುತ್ತದೆಯೋ ನೋಡುವುದು, ರುಚಿ ನೋಡುವುದು ಮುಂತಾದ ಮನೆ ಪರೀಕ್ಷೆಗಳಿಗೆ ಆಧಾರವಿಲ್ಲ. ಮಾತ್ರೆ ಹಾಳಾಗಿ ಸಾಕ್ಷ್ಯ ನಾಶವಾಗುವುದಷ್ಟೇ ಫಲ.

ಮಾರುವವರನ್ನು ಅರಿಯುವುದು

ಚಿಲ್ಲರೆ ಔಷಧ ಅಂಗಡಿಗೆ ಸಾಮಾನ್ಯವಾಗಿ ನಮೂನೆ 20 ಮತ್ತು 21ರ ಪರವಾನಗಿಗಳಿರುತ್ತವೆ. ಅವನ್ನು ಜನರಿಗೆ ಕಾಣುವಂತೆ ತೂಗುಹಾಕಬೇಕು. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ ಕೊಡಬೇಕು. ಇವೆರಡನ್ನೂ ಕೌಂಟರಿನ ಈಚೆ ನಿಂತೇ ನೋಡಬಹುದು.

ಅದಕ್ಕಿಂತ ಮುಖ್ಯವಾದದ್ದು ಬಿಲ್ಲು. ಬಿಲ್ಲಿನಲ್ಲಿ ಅಂಗಡಿಯ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಔಷಧದ ಹೆಸರು, ಬ್ಯಾಚ್ ಸಂಖ್ಯೆ ಇರಬೇಕು. ಬಿಲ್ಲಿನ ಬ್ಯಾಚು ಕೈಯಲ್ಲಿರುವ ಪಟ್ಟಿಯ ಬ್ಯಾಚಿಗೆ ಹೊಂದುತ್ತದೆಯೇ ಎಂದು ಅಲ್ಲೇ ನೋಡುವುದು ಒಳ್ಳೆಯದು. 'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ' ಎಂಬ ಮಾತಿಗೆ ಒಪ್ಪಿದರೆ ಕೆಲವು ರೂಪಾಯಿ ಉಳಿಯಬಹುದು. ಆದರೆ ಔಷಧವನ್ನು ಅಂಗಡಿಗೆ ಜೋಡಿಸುವ ಒಂದೇ ಕೊಂಡಿ ಕಳಚಿಹೋಗುತ್ತದೆ. ಖರೀದಿಯ ದಾಖಲೆ ಇಲ್ಲದ ಸರಕನ್ನು ದಾಟಿಸಲು ಅನುಕೂಲವಾಗುವುದೂ ಬಿಲ್ಲಿಲ್ಲದ ಮಾರಾಟದಿಂದಲೇ.

ನಾಲ್ಕು ಮಾತ್ರೆ ಕೇಳಿದಾಗ ಪಟ್ಟಿ ಕತ್ತರಿಸಿ ಕೊಡುವುದು ಸಂಡೂರಿನಲ್ಲೂ ಹಂಪಿಯಲ್ಲೂ ನಿತ್ಯದ ನೋಟ. ಕತ್ತರಿಸಿದ ತುಂಡಿನಲ್ಲಿ ಬ್ಯಾಚು ಮತ್ತು ದಿನಾಂಕ ಇಲ್ಲದಿದ್ದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಇಲ್ಲವೇ ಉಳಿದ ಪಟ್ಟಿಯ ಫೋಟೊ ತೆಗೆದುಕೊಳ್ಳಬೇಕು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಹೊತ್ತು ಮಾರುವವರಿಂದ ಪ್ರತಿಜೀವಕ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದ ಮಾತ್ರೆ ಕೊಳ್ಳಬಾರದು. ನಾಳೆ ದೂರು ಕೊಡಬೇಕಾದರೆ ಅವರಿಗೆ ವಿಳಾಸವೇ ಇರುವುದಿಲ್ಲ.

ಸಂಶಯ ಬಂದಾಗ

ನಮ್ಮ ಕಂಪ್ಲಿಯ ಶಿಕ್ಷಕರ ಪೆಟ್ಟಿಗೆಯ ಬ್ಯಾಚು ಪಟ್ಟಿಯ ಬ್ಯಾಚಿಗೆ ಹೊಂದಲಿಲ್ಲ ಎಂದುಕೊಳ್ಳೋಣ. ಅವರು ಮೊದಲು ಆ ಪಟ್ಟಿಯ ಮಾತ್ರೆ ಸೇವಿಸುವುದನ್ನು ನಿಲ್ಲಿಸಬೇಕು, ಆದರೆ ಚಿಕಿತ್ಸೆಯನ್ನು ನಿಲ್ಲಿಸಬಾರದು. ಈ ವ್ಯತ್ಯಾಸ ಬಹಳ ಮುಖ್ಯ. ಮೂರ್ಛೆರೋಗ, ಹೃದ್ರೋಗ, ಮಧುಮೇಹದ ಔಷಧಗಳನ್ನು ಸಂಶಯದಿಂದ ಥಟ್ಟನೆ ಬಿಟ್ಟರೆ ಅದರಿಂದಲೇ ಅಪಾಯ. ಅದೇ ದಿನ ವೈದ್ಯರಿಗೆ ತಿಳಿಸಿ, ಬೇರೆ ಅಂಗಡಿಯಿಂದ ಬೇರೆ ಬ್ಯಾಚಿನ ಔಷಧ ಪಡೆಯಬೇಕು.

ನಂತರ ಉಳಿದ ಮಾತ್ರೆ, ಪಟ್ಟಿ, ಪೆಟ್ಟಿಗೆ, ಬಿಲ್ಲುಗಳನ್ನು ಒಂದು ಲಕೋಟೆಯಲ್ಲಿ ತಂಪಾದ ಒಣ ಜಾಗದಲ್ಲಿಡಬೇಕು. ಅಂಗಡಿಯವರು ಬದಲಿ ಕೊಡುತ್ತೇನೆಂದರೂ ಹಳೆಯದನ್ನು ಪೂರ್ತಿ ಹಿಂದಿರುಗಿಸಬಾರದು. ಹೊದಿಕೆಯ ಎಲ್ಲ ಬದಿಗಳ ಫೋಟೊ ತೆಗೆದಿಡಬೇಕು. ಹೊದಿಕೆಯ ಮೇಲಿರುವ ಕಂಪನಿಯ ಗ್ರಾಹಕ ಸಂಖ್ಯೆಗೆ ಕರೆ ಮಾಡಿ, ಈ ಬ್ಯಾಚನ್ನು ಈ ದಿನಾಂಕಗಳೊಂದಿಗೆ ನೀವು ತಯಾರಿಸಿದ್ದೀರಾ ಎಂದು ಕೇಳಬಹುದು. 2024ರಲ್ಲಿ ಕೇಂದ್ರದ ಪಟ್ಟಿಯಲ್ಲಿ ಅನುತ್ತೀರ್ಣವಾದ ಕೆಲವು ಹೆಸರಾಂತ ಬ್ರ್ಯಾಂಡ್‌ಗಳ ವಿಚಾರದಲ್ಲಿ, ಆ ಬ್ಯಾಚು ತಮ್ಮದಲ್ಲ ಎಂದು ಕಂಪನಿಗಳೇ ಹೇಳಿದ್ದುಂಟು. ಕೇಂದ್ರ ಔಷಧ ಸಂಸ್ಥೆಯ ಈ ಮಾಸಿಕ ಪಟ್ಟಿಗಳು cdsco.gov.in ತಾಣದಲ್ಲಿ ಬ್ಯಾಚ್ ಸಂಖ್ಯೆಯ ಸಮೇತ ಸಿಗುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಔಷಧ ಸರಿಯಿದೆ ಎಂದಲ್ಲ. ಪರೀಕ್ಷೆಗೆ ಒಳಗಾಗುವುದು ಕೆಲವೇ ಮಾದರಿಗಳು.

ಲಿಖಿತ ದೂರನ್ನು ಔಷಧ ಪರಿವೀಕ್ಷಕರಿಗೆ, ಅಂದರೆ ಡ್ರಗ್ಸ್ ಇನ್ಸ್‌ಪೆಕ್ಟರ್‌ಗೆ ಕೊಡಬೇಕು. ಯಾವ ಜಿಲ್ಲೆಯವರಿಗೆ? ದೂರುದಾರರ ಮನೆ ಇರುವ ಜಿಲ್ಲೆಯವರಿಗಲ್ಲ, ಅಂಗಡಿ ಇರುವ ಜಿಲ್ಲೆಯವರಿಗೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿ ಅದರಲ್ಲಿ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. ಆದ್ದರಿಂದ ನಮ್ಮ ಶಿಕ್ಷಕರು ಬರೆಯಬೇಕಾದದ್ದು ವಿಜಯನಗರ ಜಿಲ್ಲೆಯ ಪರಿವೀಕ್ಷಕರಿಗೆ. ದೂರಿನಲ್ಲಿ ಔಷಧ, ತಯಾರಕರು, ಬ್ಯಾಚು, ದಿನಾಂಕಗಳು, ಅಂಗಡಿ, ಬಿಲ್ಲಿನ ಸಂಖ್ಯೆ ಮತ್ತು ಸಂಶಯದ ಕಾರಣ ಇಷ್ಟಿದ್ದರೆ ಸಾಕು. 'ಅಂಗಡಿಯವರು ಮೋಸಗಾರರು' ಎಂಬ ತೀರ್ಪು ಬೇಡ. ಅವರೇ ಮೋಸಹೋಗಿರಲೂಬಹುದು.

ಪರಿವೀಕ್ಷಕರು ಅಂಗಡಿಯಿಂದ ಅದೇ ಬ್ಯಾಚಿನ ಮಾದರಿ ತೆಗೆದು ಸಾಮಾನ್ಯವಾಗಿ ನಾಲ್ಕು ಪಾಲು ಮಾಡಿ ಮೊಹರು ಹಾಕುತ್ತಾರೆ. ಒಂದು ಅಂಗಡಿಯವರಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕೆ, ಒಂದು ತಯಾರಕರಿಗೆ. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಯಲ್ಲಿವೆ. ವರದಿಯನ್ನು 28 ದಿನಗಳೊಳಗೆ ಪ್ರಶ್ನಿಸಿದರೆ ನ್ಯಾಯಾಲಯದ ಪಾಲು ಕೇಂದ್ರ ಪ್ರಯೋಗಾಲಯಕ್ಕೆ ಹೋಗಬಹುದು. ಅದರ ಮಾತು ಅಂತಿಮ. ಮನೆಯಲ್ಲಿ ತೆರೆದ ಮಾತ್ರೆಗಿಂತ ಅಂಗಡಿಯಲ್ಲಿ ಮೊಹರಾದ ಮಾತ್ರೆಗೆ ಕಾನೂನಿನಲ್ಲಿ ಬೆಲೆ ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದ ದೂರು ತಡವಾಗಬಾರದು. ಸರಕು ಖಾಲಿಯಾದರೆ ಮಾದರಿಯೇ ಸಿಗುವುದಿಲ್ಲ.

ಹೆಚ್ಚು ಮಂದಿಗೆ ತಿಳಿಯದ ಇನ್ನೊಂದು ದಾರಿ ಕಾಯ್ದೆಯ 26ನೆಯ ಕಲಮು. ತಾನು ಕೊಂಡ ಔಷಧವನ್ನು ಯಾವುದೇ ವ್ಯಕ್ತಿ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ಪಡೆಯಬಹುದು. ಔಷಧ ಸೇವಿಸಿ ತೊಂದರೆಯಾಗಿದ್ದರೆ ವೈದ್ಯರ ಮೂಲಕ ಅಥವಾ ನೇರವಾಗಿ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೂ ತಿಳಿಸಬಹುದು. ಅವರು ಕೇಳುವ ವಿವರಗಳಲ್ಲೂ ಬ್ಯಾಚ್ ಸಂಖ್ಯೆ ಇರುತ್ತದೆ.

ತರಗತಿಯಲ್ಲಿ

ಶಿಕ್ಷಕರು ವಿದ್ಯಾರ್ಥಿಗಳಿಗೆ ಮನೆಯಿಂದ ಖಾಲಿ ಪಟ್ಟಿ, ಪೆಟ್ಟಿಗೆಗಳನ್ನು ಮಾತ್ರ ತರಲು ಹೇಳಬಹುದು. ಔಷಧ ತರುವುದು ಬೇಡ. ಪ್ರತಿಯೊಂದರ ಮೇಲೂ ಬ್ಯಾಚು, ದಿನಾಂಕ, ಪರವಾನಗಿ ಸಂಖ್ಯೆ, ಕೆಂಪು ಗೆರೆ ಹುಡುಕಿ ಕೋಷ್ಟಕದಲ್ಲಿ ತುಂಬಿಸಲಿ. ಎಷ್ಟು ಪಟ್ಟಿಗಳಲ್ಲಿ ಕತ್ತರಿ ಬಿದ್ದು ಬ್ಯಾಚ್ ಸಂಖ್ಯೆ ಹೋಗಿದೆ, ಎಷ್ಟಕ್ಕೆ ಮನೆಯಲ್ಲಿ ಬಿಲ್ಲು ಉಳಿದಿದೆ ಎಂದು ಎಣಿಸಲಿ. ಬಿಲ್ಲೂ ಇಲ್ಲದ, ಬ್ಯಾಚೂ ಇಲ್ಲದ ಪಟ್ಟಿಗಳನ್ನು ಬೇರೆ ಗುಂಪಾಗಿ ಇಡಲಿ. ನಾಳೆ ಯಾವುದಾದರೂ ಬ್ಯಾಚನ್ನು ಹಿಂದಕ್ಕೆ ಕರೆಸಿದರೆ, ತಮ್ಮ ಮನೆಯಲ್ಲಿರುವುದು ಅದೇ ಹೌದೋ ಅಲ್ಲವೋ ಎಂದು ತಿಳಿಯಲಾಗದ ಮನೆಗಳು ಎಷ್ಟು ಎಂಬುದನ್ನು ಆ ಗುಂಪೇ ತೋರಿಸುತ್ತದೆ.